ಮೇಲಕ್ಕೆ ಬರುವ ಉಸಿರು

ಮದುವೆ ವೀಡಿಯೋ ಕ್ಯಾಸೆಟ್ ಮನೆಮನೆಗೂ ಬಂದಿದ್ದ ಕಾಲ. ನಾನು ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸ್‌ನ ಬಾಲವಾಡಿಯಲ್ಲಿ ಟೀಚರಾಗಿದ್ದೆ. ನಮ್ಮವರು ಗಣಿಯಿಂದ ನಿವೃತ್ತರಾಗಿ ಮನೆಯಲ್ಲಿದ್ದರು. ಕಲ್ಲಿನ ಧೂಳು ಅವರ ಶ್ವಾಸಕೋಶದಲ್ಲಿ ಕೂತುಬಿಟ್ಟಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ದಿಂಬು ಒರಗಿಸಿಕೊಂಡು ಕೂತೇ ಇರುತ್ತಿದ್ದರು. ಕಣ್ಣು ಹತ್ತಿದರೆ ಗಾಬರಿಯಿಂದ ಎಚ್ಚರವಾಗುವುದು, ಎಚ್ಚರವಾದರೆ ಮತ್ತೆ ಕಣ್ಣು ಹತ್ತದು. ಅವರು ನೆಟ್ಟಗೆ ನಿದ್ದೆ ಮಾಡಿದ್ದನ್ನು ನೋಡಿ ಎಷ್ಟು ಕಾಲವಾಯಿತೋ ನನಗೇ ಮರೆತುಹೋಗಿತ್ತು.

ಆಸ್ಪತ್ರೆಯ ಡಾಕ್ಟರಮ್ಮ ಒಂದು ದಿನ ನನ್ನನ್ನು ಕರೆದು ಹೇಳಿದರು: “ಧೂಳನ್ನ ನಾನು ತೆಗೆಯೋಕಾಗಲ್ಲ. ಆದರೆ ಗಾಬರಿ ಆದಾಗ ಉಸಿರು ಇನ್ನೂ ಚಿಕ್ಕದಾಗುತ್ತೆ. ಆ ಗಾಬರಿ ಇಳಿಸಬಹುದು.” ಅವರ ಹತ್ತಿರ ಒಂದು ಇಂಗ್ಲಿಷ್ ಧ್ಯಾನದ ವೀಡಿಯೋ ಇತ್ತು. ಸಮುದ್ರ, ಹಿಮದ ಬೆಟ್ಟ, ಯಾವುದೋ ಮೃದುವಾದ ದನಿ. ಅದನ್ನು ತೋರಿಸಿದಾಗ ಗಣಿಯವರೆಲ್ಲ, ‘ಈವಮ್ಮ ಏನು ಯೋಳ್ತಾವ್ಳೆ?’ ಎಂದು ನಕ್ಕರಂತೆ. “ನೀವು ಮಕ್ಕಳಿಗೆ ಕತೆ ಹೇಳಿ ಮಲಗಿಸ್ತೀರಲ್ಲ, ಇವರಿಗೂ ಒಂದು ಬರೆದುಕೊಡಿ, ನೀವೇ ಓದಿ. ನಮ್ಮದೇ ಒಂದು ವೀಡಿಯೋ ಮಾಡೋಣ” ಅಂದರು ಡಾಕ್ಟರಮ್ಮ.

ಬರೆಯುವ ರೀತಿ ಅವರೇ ತೋರಿಸಿಕೊಟ್ಟರು. ಹಾಳೆಯನ್ನು ಉದ್ದಕ್ಕೆ ಎರಡು ಭಾಗ ಮಾಡಬೇಕು. ಎಡಗಡೆ ತೆರೆಯ ಮೇಲೆ ಕಾಣುವುದು, ಬಲಗಡೆ ಕೇಳುವ ಮಾತು. ಮಾತಿನ ನಡುವೆ ಎಷ್ಟು ಸೆಕೆಂಡ್ ಸುಮ್ಮನಿರಬೇಕೋ ಅದನ್ನೂ ಬರೆಯಬೇಕು. ಇಂಗ್ಲಿಷ್ ಕ್ಯಾಸೆಟ್‌ನ ಮಾತು ಬರೆದಿಟ್ಟ ಹಾಳೆಯಲ್ಲಿ ಉಸಿರು ಹಿಡಿದುಕೊಳ್ಳಿ ಎಂದಿದ್ದ ಕಡೆಯೆಲ್ಲ ಡಾಕ್ಟರಮ್ಮ ಅಡ್ಡಗೆರೆ ಎಳೆದಿದ್ದರು. “ಇವರಿಗೆ ಹಿಡಿಯೋದು ಬೇಡವೇ ಬೇಡ. ಮೂಗಲ್ಲಿ ಎರಡು ಸೆಕೆಂಡ್ ಒಳಗೆ, ತುಟಿ ಕೂಡಿಸಿ ನಾಲ್ಕು ಸೆಕೆಂಡ್ ಹೊರಗೆ. ಅಷ್ಟೂ ಆಗದೇ ಇದ್ರೆ ಅವರಿಗೆ ಎಷ್ಟಾಗುತ್ತೋ ಅಷ್ಟು.”

ಹಿಟ್ಟು ರುಬ್ಬಿಟ್ಟು, ಅಡುಗೆಮನೆ ನೆಲದ ಮೇಲೆ ಕೂತು ಬರೆದೆ. ‘ಉಸಿರನ್ನು ನಿಧಾನವಾಗಿ ಒಳಗೆ ತೆಗೆದುಕೊಳ್ಳಿ’ ಎಂದು ಬರೆದು, ಗಡಿಯಾರದ ಮುಳ್ಳು ನೋಡುತ್ತಾ ಓದಿದರೆ, ಮಾತು ಮುಗಿಯುವಷ್ಟರಲ್ಲಿ ಆ ಎರಡು ಸೆಕೆಂಡ್ ದಾಟಿಹೋಗುತ್ತಿತ್ತು. ಕೇಳುವವರು ಉಸಿರು ಎಳೆಯುವುದು ಯಾವಾಗ? ಕೊನೆಗೆ ಮೊದಲಲ್ಲೇ ಎಲ್ಲ ವಿವರಿಸಿ, ಆಮೇಲೆ ಬರೀ ‘ಒಳಗೆ’, ‘ಹೊರಗೆ’ ಎಂದಿಟ್ಟೆ. ಊದುವ ಕಡೆ, ‘ಎದುರಿಗೆ ದೀಪ ಇದೆ, ಕುಡಿ ಬಾಗಲಿ, ಆರದಿರಲಿ’ ಎಂದು ಸೇರಿಸಿದೆ. ಉಳಿದದ್ದು ಇಂಗ್ಲಿಷ್ ಕ್ಯಾಸೆಟ್‌ನ ದಾರಿಯೇ: ಕಣ್ಣು ಮುಚ್ಚಿ, ಒಂದೊಂದೇ ಮೆಟ್ಟಿಲು ಕೆಳಗೆ ಇಳಿಯಿರಿ, ಇನ್ನೂ ಆಳಕ್ಕೆ, ಕತ್ತಲು, ಪೂರ್ತಿ ನಿಶ್ಶಬ್ದ.

ಮೊದಲು ಓದಿದ್ದು ನಮ್ಮವರ ಮುಂದೆ. ಮಕ್ಕಳನ್ನು ಮಲಗಿಸುವ ದನಿಯಲ್ಲೇ ಓದುತ್ತಾ ಹೋದೆ. ‘ಇನ್ನೂ ಆಳಕ್ಕೆ’ ಅನ್ನುವ ಹೊತ್ತಿಗೆ ಅವರು ಮಂಚದ ಕಟ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಕಣ್ಣು ಪೂರ್ತಿ ತೆರೆದಿತ್ತು. ಎದೆ ದಬದಬ ಏರಿಳಿಯುತ್ತಿತ್ತು.

“ರೀ, ಏನಾಯ್ತು?”

ನೀರು ಕುಡಿದು, ಸುಧಾರಿಸಿಕೊಂಡು ಹೇಳಿದರು: “ನಮ್ಮನ್ನ ಮತ್ತೆ ಯಾಕಮ್ಮಿ ಕೆಳಕ್ಕೆ ಇಳಿಸ್ತೀಯ? ಇಷ್ಟು ವರ್ಷ ಇಳ್ದಿದ್ದು ಸಾಲ್ದಾ?”

“ನಿಶ್ಶಬ್ದ ಇದ್ರೆ ನೆಮ್ಮದಿ ಅಲ್ವಾ?”

“ಕೆಳಗೆ ಸದ್ದಿಲ್ಲ ಅಂದ್ರೆ ನಾವು ಕಿವಿ ಕೊಟ್ಟು ನಿಂತ್ಕೋತಿದ್ವಿ. ಬಂಡೆ ಎಲ್ಲಿ ಚಿಟಕ್ ಅಂತದೋ ಅಂತ. ಅವಾಗ ಯಾವನಿಗೆ ನಿದ್ದೆ ಬತ್ತದೆ?” ಎಂದು ನಕ್ಕರು. ನಗು ಕೆಮ್ಮಾಯಿತು.

ಹತ್ತಿರ ಕೂತು ಕೇಳಿದೆ: ಹಾಗಾದರೆ ಅಲ್ಲಿ ಅವರಿಗೆ ನೆಮ್ಮದಿ ಯಾವಾಗ? ಇಷ್ಟು ವರ್ಷ ಸಂಸಾರ ಮಾಡಿ ಇದನ್ನು ಕೇಳಿಯೇ ಇರಲಿಲ್ಲ. ಅವರು ಸೂರಿನ ತಗಡು ನೋಡುತ್ತಾ ಹೇಳಿದರು: “ಶಿಫ್ಟ್ ಮುಗ್ಸಿ ಲಿಫ್ಟು ಕೇಜಿನಲ್ಲಿ ಮೇಲಕ್ಕೆ ಬತ್ತೀವಲ್ಲ, ಅವಾಗ. ಒಬ್ಬರ ಮೈಗೆ ಒಬ್ಬರು ಅಂಟ್ಕೊಂಡು ನಿಂತಿರ್ತೀವಿ. ಯಾರೂ ಮಾತಾಡಲ್ಲ. ಬಿಸಿ ಕಮ್ಮಿ ಆಯ್ತಾ ಬತ್ತದೆ. ಆಮೇಲೆ ತಣ್ಣಗೆ ಗಾಳಿ. ಆಮೇಲೆ ಬೆಳಕು. ದಿನಾ ನೋಡೋ ಬೆಳಕೇ, ಆದ್ರೂ ದಿನಾ ಹೊಸದು.”

ಹಿಟ್ಟು ಉಕ್ಕಿ ಪಾತ್ರೆಯಿಂದ ಇಳಿಯುತ್ತಿತ್ತು. ನಾನು ಏಳಲಿಲ್ಲ. ದಿನಾ ಊಟದ ಡಬ್ಬಿ ತೊಳೆದು, ಬಿಸಿನೀರು ಕಾಯಿಸಿ ಬಾಗಿಲಲ್ಲಿ ಕಾಯುತ್ತಿದ್ದೆನಲ್ಲ, ಆಗೆಲ್ಲ ಆ ಮನುಷ್ಯ ಇಷ್ಟು ದೊಡ್ಡದೊಂದನ್ನು ನೋಡಿಕೊಂಡು ಮನೆಗೆ ಬರುತ್ತಿದ್ದರು.

ಹಾಳೆ ಹರಿದು ಮತ್ತೆ ಬರೆದೆ. ಕಣ್ಣು ತೆರೆದೇ ಇರಲಿ. ಇಳಿಯುವುದಿಲ್ಲ, ಏರುವುದು. ಎಡಗಡೆ: ಮಬ್ಬು, ನಿಧಾನವಾಗಿ ತಿಳಿಯಾಗುವ ಆಕಾಶ, ಬೇತಮಂಗಲದ ಕೆರೆ. ಬಲಗಡೆ ಮಾತಿಗಿಂತ ಖಾಲಿ ಜಾಗವೇ ಹೆಚ್ಚು. ನಡುವೆ ಎಲ್ಲೂ ಪೂರ್ತಿ ಸದ್ದಡಗದ ಹಾಗೆ ನೀರಿನ ಸದ್ದು, ಹಕ್ಕಿಯ ಸದ್ದು.

ಚಿತ್ರ ತೆಗೆಯಲು ಡಾಕ್ಟರಮ್ಮ ಬಂಗಾರಪೇಟೆಯ ಮದುವೆ ವೀಡಿಯೋದವನನ್ನು ಕರೆಸಿದರು. ಬೆಳಗಿನ ಜಾವ ಕೆರೆ ಏರಿಯ ಮೇಲೆ ಕ್ಯಾಮೆರಾವನ್ನು ಮೂರುಕಾಲಿನ ಸ್ಟ್ಯಾಂಡಿಗೆ ಕೂರಿಸಿ ಸುಮ್ಮನೆ ಬಿಡು ಎಂದರೆ ಅವನ ಕೈ ನಿಲ್ಲದು.

“ಅಕ್ಕಾ, ಏನೂ ಆಗ್ತಾ ಇಲ್ವಲ್ಲ! ಟೇಪು ಸುಮ್ಕೆ ಓಡ್ತಾ ಐತೆ. ಒಂದು ಜೂಮ್ ಹಾಕ್ಲಾ?”

“ಬೇಡಪ್ಪ. ನೋಡೋರು ಉಸಿರು ಎಳೆಯೋವಾಗ ನೀರು ದಬಕ್ಕನೆ ಹತ್ತಿರ ಬಂದ್ರೆ ಬೆಚ್ಚಿಬೀಳ್ತಾರೆ.”

“ಕೊನೆಗೆ ಹೃದಯದ ಆಕಾರದಾಗೆ ಸೂರ್ಯನ್ನ ಇಟ್ಟರೆ? ಮದುವೆಗೆಲ್ಲ ಅದೇ ಕೇಳ್ತಾರೆ.”

“ಯಾರ ಮದುವೆನಪ್ಪಾ ಇದು? ಒಂದರೊಳಗೆ ಒಂದು ಮೆಲ್ಲಗೆ ಕರಗಲಿ, ಅಷ್ಟೇ ಸಾಕು.”

ಅವನು ಗೊಣಗುತ್ತಾ ಬೀಡಿ ಹಚ್ಚಿದ. ಆಗ ನೀರು ಮುಚ್ಚಿದ್ದ ಮಂಜು ಎದ್ದಿತು. ಯಾರೋ ಸೆರಗು ಎತ್ತಿದ ಹಾಗೆ ಕೆರೆಯ ಒಂದು ಅಂಚಿನಿಂದ ಎದ್ದು, ಕೆಳಗೆ ನೀರು, ನೀರಿನಲ್ಲಿ ಇನ್ನೊಂದು ಆಕಾಶ ಬಂತು. ಒಂದು ಎಮ್ಮೆ ನಿಧಾನವಾಗಿ ನೀರಿಗಿಳಿಯಿತು. ಅದರ ಸುತ್ತ ಎದ್ದ ಅಲೆಗಳು ಅಗಲವಾಗುತ್ತಾ ನಮ್ಮ ದಡದವರೆಗೂ ಬಂದವು. ಬೀಡಿ ಅವನ ಬೆರಳಲ್ಲೇ ಆರಿತ್ತು. “ದಿನಾ ಇದೇ ದಾರೀಲಿ ಬಸ್ಸಲ್ಲಿ ಓಗ್ತೀನಕ್ಕಾ” ಎಂದಷ್ಟೇ ಹೇಳಿದ.

ದನಿ ತುಂಬಲು ಅವನ ಅಂಗಡಿಯ ಹಿಂದಿನ ಕೋಣೆಯಲ್ಲಿ ಸದ್ದಾಗದಂತೆ ಫ್ಯಾನು ಆರಿಸಿ, ಬೆವರು ಒರೆಸಿಕೊಳ್ಳುತ್ತಾ, ತೆರೆಯ ಮೇಲಿನ ಅಲೆ ನೋಡಿಕೊಂಡೇ ಓದಿದೆ. ಅಲೆ ಹರಡುವ ಕಡೆ ‘ಹೊರಗೆ’. ಎರಡು ಸಲ ತಪ್ಪಿ, ಮೂರನೆಯ ಸಲ ಕೂಡಿತು.

ಆಸ್ಪತ್ರೆಯ ಹಾಲ್‌ನಲ್ಲಿ ಒಂದು ಮಧ್ಯಾಹ್ನ ಟಿ.ವಿ. ಇಟ್ಟರು. ಪಕ್ಕದ ಗಣಿಗಳಾದ ಉರಿಗಾಂನಿಂದ, ಕೋರಮಂಡಲ್‌ನಿಂದ ಬಂದವರೂ ಇದ್ದರು. ಡಾಕ್ಟರಮ್ಮ ಎಲ್ಲರನ್ನೂ ಮೇಜಿನ ಮೇಲೆ ಮೊಣಕೈ ಊರಿ, ಮುಂದಕ್ಕೆ ಬಾಗಿ ಕೂರುವ ಹಾಗೆ ಮಾಡಿದರು. ತಲೆ ಸುತ್ತಿದರೆ ನಿಲ್ಲಿಸಿ ಎಂದು ಹೇಳಿದರು. ಒಬ್ಬರು ತಮಿಳಿನಲ್ಲಿ, ಇನ್ನೊಬ್ಬರು ತೆಲುಗಿನಲ್ಲಿ ಪಕ್ಕದವರಿಗೆ ಅರ್ಥ ಹೇಳುತ್ತಿದ್ದರು. ಎಮ್ಮೆ ಬಂದಾಗ ಹಿಂದಿನಿಂದ ಯಾರೋ, “ಲೇ, ನಿನ್ನ ಎಮ್ಮೆ ಕಣ್ಲಾ!” ಅಂದರು. ಎಲ್ಲರೂ ನಕ್ಕರು.

ಆಮೇಲೆ ನಗು ನಿಂತಿತು. ಟಿ.ವಿ.ಯಿಂದ ಬರುತ್ತಿದ್ದ ನನ್ನದೇ ದನಿ ನನಗೆ ಬೇರೆ ಯಾರದೋ ಅನ್ನಿಸಿತು. ‘ಹೊರಗೆ’ ಅಂದಾಗ ಇಡೀ ಹಾಲ್ ಒಂದೇ ಸಲ ಊದಿತು. ಒಬ್ಬರದು ಶಿಳ್ಳೆಯಂತೆ, ಒಬ್ಬರದು ಗೊರಗೊರ, ಒಬ್ಬರದು ನಡುವೆ ಮುರಿದು. ಆ ಮುರುಕು ಉಸಿರುಗಳೆಲ್ಲ ಸೇರಿ ಒಂದು ದೊಡ್ಡ ಉಸಿರಾಗಿ ಎದ್ದದ್ದನ್ನು ಕೇಳಿ ನನ್ನ ಮೈಮೇಲಿನ ಕೂದಲೆಲ್ಲ ಎದ್ದು ನಿಂತವು. ನೆಲದಡಿಯಿಂದ ಒಟ್ಟಿಗೆ ಬಂದವರು ಇಲ್ಲಿಯೂ ಒಟ್ಟಿಗೇ ಬರುತ್ತಿದ್ದರು.

ಕ್ಯಾಸೆಟ್ ಮುಗಿದು ತೆರೆ ನೀಲಿಯಾಯಿತು. ಎಲ್ಲರೂ ತಲೆ ಎತ್ತಿದರು. ನಮ್ಮವರು ಎತ್ತಲಿಲ್ಲ. ಓಡಿ ಹತ್ತಿರ ಹೋದೆ. ತೋಳಿನ ಮೇಲೆ ಕೆನ್ನೆ ಇಟ್ಟು, ಬಾಯಿ ಸ್ವಲ್ಪ ತೆರೆದು, ಅವರು ನಿದ್ದೆ ಹೋಗಿದ್ದರು. ಬೆನ್ನು ಏರುತ್ತಿತ್ತು, ಇಳಿಯುತ್ತಿತ್ತು. ಇಳಿಯುವುದು ಏರುವುದಕ್ಕಿಂತ ನಿಧಾನ.

ಡಾಕ್ಟರಮ್ಮ ತುಟಿಯ ಮೇಲೆ ಬೆರಳಿಟ್ಟು ಎಲ್ಲರನ್ನೂ ನೋಡಿದರು. ಅಷ್ಟು ಜನ ಗಂಡಸರು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಬಾಗಿಲಾಚೆ ಹೋಗುವವರೆಗೂ ಕೆಮ್ಮು ನುಂಗಿಕೊಂಡು, ಒಬ್ಬೊಬ್ಬರೇ ಹೊರಗೆ ಹೋದರು. ನಾನು ನಮ್ಮವರ ಪಕ್ಕದ ಬೆಂಚಿನಲ್ಲಿ ಕೂತೆ. ಮನೆಯಲ್ಲಿ ಬೇಳೆ ನೆನೆಹಾಕಿ ಬಂದಿದ್ದೆ. ನೆನೆಯಲಿ ಅಂದುಕೊಂಡೆ.