ಮೂವತ್ತಾರು ವಿಡಿಯೋ, ಒಂದೇ ತಾರೀಖು

ಮದುವೆ ವಿಡಿಯೋಗಳನ್ನು ಎಡಿಟ್ ಮಾಡುವ ಸ್ಟುಡಿಯೋದಲ್ಲಿ ಆಕೆಗೆ ‘ಇನ್ಸ್‌ಪೆಕ್ಟರ್’ ಎಂದೇ ಹೆಸರು. ನಲವತ್ತಾರು ವಯಸ್ಸು. ಆಗತಾನೇ ಒಡೆದ ಪ್ಯಾಕೆಟ್ಟಿನ ಹಾಲನ್ನೂ ಮೂಸಿ ನೋಡಿಯೇ ಒಲೆಗಿಡುತ್ತಾರೆ. ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿ, ನಾಲ್ಕು ಮೆಟ್ಟಿಲಿಳಿದು ಮತ್ತೆ ಹತ್ತಿ ಇನ್ನೊಮ್ಮೆ ಎಳೆಯುತ್ತಾರೆ.

ಗಂಡ ಲಿಫ್ಟ್ ಮೆಕ್ಯಾನಿಕ್. ಒಂಬತ್ತು ಮಹಡಿಯ ಒಂದು ಕಟ್ಟಡದ ಲಿಫ್ಟನ್ನು ಪ್ರತಿ ತಿಂಗಳು ಪರೀಕ್ಷಿಸುವ ಗುತ್ತಿಗೆ ಅವರದು. ಬ್ರೇಕು, ಹಗ್ಗ, ಬಾಗಿಲು ಎಲ್ಲವನ್ನೂ ಫೋನಿನಲ್ಲಿ ವಿಡಿಯೋ ಮಾಡಿಡುವುದು ಕರಾರಿನ ಷರತ್ತು. ಮೂರು ವರ್ಷಕ್ಕೆ ಮೂವತ್ತಾರು ವಿಡಿಯೋ.

ಕಳೆದ ವಾರ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿ ನಿವೃತ್ತ ಹೆಡ್‌ಮಾಸ್ಟರು. ಮೆಕ್ಯಾನಿಕ್ಕಿನ ಫೋನು ಇಸಿದುಕೊಂಡು ಒಂದೊಂದೇ ವಿಡಿಯೋ ತೆರೆದರು.

“ಏನಪ್ಪಾ ಇದು? ಮೂರು ವರ್ಷದ ಕೆಲಸ ಒಂದೇ ದಿನಕ್ಕೆ ಮುಗಿಸ್ಬಿಟ್ಟಿದ್ದೀಯ? ಮೂವತ್ತಾರಕ್ಕೂ ಈ ತಿಂಗಳ ಮೂರನೇ ತಾರೀಖು!”

“ಸರ್, ಫೋನ್ ತುಂಬಿತ್ತು. ಒಂದು ಆ್ಯಪ್ ಹಾಕಿ ಎಲ್ಲಾ ಚಿಕ್ಕದು ಮಾಡ್ದೆ...”

“ಭಾನುವಾರ ಮೀಟಿಂಗಲ್ಲಿ ಹೇಳು. ನಂಬೋರು ನಂಬಲಿ.”

ಗುತ್ತಿಗೆ ಮುಂದುವರಿಯುತ್ತದೋ ಇಲ್ಲವೋ ಭಾನುವಾರ ತೀರ್ಮಾನವಾಗಬೇಕಿತ್ತು.

ಶನಿವಾರ ಮಧ್ಯಾಹ್ನ ಸ್ಟುಡಿಯೋದಲ್ಲಿ ಹೆಂಡತಿ ಆ ಫೋನನ್ನು ಕೈಗೆತ್ತಿಕೊಂಡರು. ಆ್ಯಪ್ ಹೊಸ ಫೈಲು ಬರೆಯುವಾಗ ಹಳೆಯದರ ಚಿತ್ರೀಕರಣದ ತಾರೀಖನ್ನು ಉಳಿಸಿಕೊಂಡಿರಲಿಲ್ಲ. ಬರೆದ ದಿನವೇ ಅದರ ತಾರೀಖಾಗಿತ್ತು. ಚಿತ್ರವೂ ಕಲಸಿಹೋಗಿತ್ತು. ಮೆಷಿನ್ ರೂಮಿನ ಪ್ಯಾನೆಲ್ಲಿನಲ್ಲಿ ಲಿಫ್ಟು ಒಟ್ಟು ಎಷ್ಟು ಸಲ ಓಡಿದೆ ಎಂದು ತೋರಿಸುವ ಅಂಕಿಗಳು ಓದಲು ಬರುತ್ತಿರಲಿಲ್ಲ.

“ಒರಿಜಿನಲ್ ಎಲ್ಲಿ?”

“ಅಳಿಸ್ಲಾ ಅಂತ ಕೇಳ್ತು, ಹೂಂ ಅಂದೆ. ಆದ್ರೂ ಜಾಗ ಮಾತ್ರ ಒಂಚೂರೂ ಉಳೀಲಿಲ್ಲ ಕಣೇ. ದರಿದ್ರದ ಆ್ಯಪು.”

ಆಕೆ ತಲೆಯೆತ್ತಿದರು. “ಜಾಗ ಉಳೀಲಿಲ್ಲ ಅಂದ್ರೆ ಅವು ಹೋಗಿಲ್ಲ ಅಂತ ಅರ್ಥ ರೀ.”

ಗ್ಯಾಲರಿಯ ಕಸದಬುಟ್ಟಿಯಲ್ಲಿ ಮೂವತ್ತಾರೂ ಇದ್ದವು. ಮೂವತ್ತು ದಿನ ಕಳೆದರೆ ತಾವಾಗಿಯೇ ಅಳಿದುಹೋಗುವಂಥವು. ನಾಲ್ಕು ದಿನ ಬಾಕಿ. ಎಲ್ಲವನ್ನೂ ವಾಪಸ್ ತಂದು ಕಂಪ್ಯೂಟರಿಗೆ ಹಾಕಿಕೊಂಡರು. ಪ್ರತಿಯೊಂದರ ಒಳಗೂ ಅದರದೇ ಚಿತ್ರೀಕರಣದ ತಾರೀಖು ಹಾಗೇ ಇತ್ತು. ಗಂಡ ನಿಟ್ಟುಸಿರು ಬಿಟ್ಟು ಕುರ್ಚಿಗೊರಗಿದರು.

ಹೆಂಡತಿ ಒರಗಲಿಲ್ಲ. ತಾರೀಖುಗಳನ್ನು ಸಾಲಾಗಿ ಓದುತ್ತ ಹೋಗಿ ಒಂದು ಕಡೆ ಬೆರಳಿಟ್ಟರು.

“ಹೋದ ವರ್ಷದ ಜೂನ್ ಎಲ್ಲಿ?”

“ಇದೆಯಲ್ಲೇ. ‘ಜೂನ್ ತಿಂಗಳ ಚೆಕಿಂಗ್’ ಅಂತ ನಾನೇ ಹೇಳಿದ್ದೀನಿ, ಕೇಳು.”

“ಬಾಯಿ ಜೂನ್ ಅನ್ನುತ್ತೆ. ಫೈಲು ಜುಲೈ ನಾಲ್ಕು ಅನ್ನುತ್ತೆ. ಜುಲೈದೂ ಅವತ್ತಿಂದೇ, ಇಪ್ಪತ್ತು ನಿಮಿಷ ಬಿಟ್ಟು.”

ಗಂಡ ಮಂಡಿ ಸವರಿಕೊಂಡರು. “ಮಂಡೀಲಿ ನೀರು ತುಂಬಿತ್ತಲ್ಲ ಆಗ. ಮೆಷಿನ್ ರೂಮಿನ ಏಣಿ ಹತ್ತಕ್ಕಾಗ್ಲಿಲ್ಲ. ಹೇಳಿದ್ರೆ ಬೇರೆಯವರನ್ನ ಕರೀತಾರೆ ಅಂತ...”

“ನನಗೂ ಹೇಳ್ಲಿಲ್ಲ.”

“ನಿನಗೆ ಹೇಳಿದ್ರೆ ವಿಚಾರಣೆ ಆಗ್ತಿತ್ತು.”

ಆಕೆ ಕೆಲಸಕ್ಕೆ ತಿರುಗಿದರು. ಫೋನಿಗೆ ಹಿಡಿಸುವಂತೆ ಮೊದಲು ಐದೇ ಫೈಲನ್ನು ಕುಗ್ಗಿಸಿ, ಅಂಕಿಗಳು ಓದಲು ಬರುತ್ತವೆಯೇ ನೋಡಿದರು. ಬಂದವು. ಆಮೇಲೆ ಉಳಿದವನ್ನೂ ಒಟ್ಟಿಗೆ ಓಡಿಸಿದರು. ಕೊನೆಗೆ ಪ್ರತಿ ಒರಿಜಿನಲ್‌ನ ತಾರೀಖನ್ನು ಅದೇ ಹೆಸರಿನ ಚಿಕ್ಕ ಫೈಲಿಗೆ ನಕಲಿಸುವಂತೆ ಕಂಪ್ಯೂಟರಿಗೆ ಆಜ್ಞೆ ಬರೆದರು. ಗಂಡ ಭುಜದ ಹಿಂದಿನಿಂದ ನೋಡುತ್ತಿದ್ದರು.

“ತಾರೀಖು ಕೈಯಲ್ಲೇ ಬರೆಯೋಕೂ ಆಗುತ್ತಾ ಅದರಲ್ಲಿ?”

“ಆಗುತ್ತೆ.”

“ಹಂಗಾದ್ರೆ ಆ ಒಂದಕ್ಕೆ... ಜೂನ್ ನಾಲ್ಕು?”

ಆಕೆ ಕುರ್ಚಿಯನ್ನು ಪೂರ್ತಿ ತಿರುಗಿಸಿದರು. “ಪ್ಯಾನೆಲ್ ಅಂಕಿ? ಎರಡು ವಿಡಿಯೋಗೂ ಬರೀ ಏಳೇ ಓಟದ ವ್ಯತ್ಯಾಸ ಇದೆ. ಒಂದು ತಿಂಗಳು ಲಿಫ್ಟು ಹತ್ತೋರೇ ಇರ್ಲಿಲ್ವಾ? ಅಂಕಿ ಸಿಗದೇ ಇದ್ರೂ ನಾನು ಬರೀತಿರ್ಲಿಲ್ಲ. ನಾಳೆ ಅವರು ಹುಡುಕೋ ಮೊದಲು ನೀವೇ ಹೇಳಿ.”

ಭಾನುವಾರ ಹೆಡ್‌ಮಾಸ್ಟರು ಲ್ಯಾಪ್‌ಟಾಪಿನ ಒರಿಜಿನಲ್‌ಗಳನ್ನು ನೋಡಿ ಮೂಗು ಮುರಿದರು. “ತಾರೀಖು ಯಾರು ಬೇಕಾದ್ರೂ ಹಾಕ್ಬಹುದು.”

“ಹೌದು ಸರ್, ಹಾಕ್ಬಹುದು,” ಎಂದರು ಹೆಂಡತಿ. “ಅದಕ್ಕೇ ಪ್ಯಾನೆಲ್ ಅಂಕಿ ಓದಿ. ಅದು ಹಿಂದಕ್ಕೆ ಹೋಗಲ್ಲ.”

ಮೆಕ್ಯಾನಿಕ್ ಎದ್ದು ನಿಂತರು. “ಸರ್, ಓದೋಕೆ ಮೊದಲು ಒಂದು ಮಾತು. ಹೋದ ವರ್ಷ ಜೂನಲ್ಲಿ ನಾನು ಬರಲಿಲ್ಲ. ಆ ತಿಂಗಳ ವಿಡಿಯೋನ ಜುಲೈನಲ್ಲಿ ತೆಗೆದೆ.”

ಸಭೆ ಗುಸುಗುಟ್ಟಿತು. ಹೆಡ್‌ಮಾಸ್ಟರು ಕನ್ನಡಕ ಏರಿಸಿ ಮೂವತ್ತಾರು ಅಂಕಿಗಳನ್ನೂ ಕಾಗದಕ್ಕಿಳಿಸಿದರು. ಮುಕ್ಕಾಲು ಗಂಟೆ ಹಿಡಿಯಿತು. ಏರುತ್ತ ಹೋದ ಸಾಲಿನಲ್ಲಿ ಒಂದೇ ಕಡೆ ಅಂತರ ಬರೀ ಏಳಿತ್ತು.

“ಮೂವತ್ತೈದು ಸರಿ ಇದೆ. ಗುತ್ತಿಗೆ ಇರಲಿ, ಆರು ತಿಂಗಳು ನೋಡೋಣ,” ಎಂದರು. “ಇನ್ಮೇಲೆ ವಿಡಿಯೋ ಅವತ್ತೇ ನನಗೆ ಬರಬೇಕು.”

ಮನೆಗೆ ಬಂದ ಮೇಲೆ ಗಂಡ ಫೋನು ಚಾಚಿದರು. “ಈಗ ದೊಡ್ಡವನ್ನ ಅಳಿಸ್ಲಾ?”

“ಇಲ್ಲಿ ಕೊಡಿ. ಚಿಕ್ಕವು ಕೊನೇವರೆಗೂ ಓಡ್ತಾವಾ ನೋಡ್ತೀನಿ.”

ಗ್ಯಾಲರಿಯಲ್ಲಿ ಹೊಸದಾಗಿ ಹಾಕಿದ ಚಿಕ್ಕ ವಿಡಿಯೋಗಳು ವರ್ಷ, ತಿಂಗಳ ಪ್ರಕಾರ ಸರಿಯಾಗಿ ಕೂತಿದ್ದವು. ಜೂನ್ ಎಂದು ಹೇಳುವ ವಿಡಿಯೋ ಜುಲೈ ನಾಲ್ಕರಲ್ಲೇ ಇತ್ತು. ಆಕೆ ಮೊದಲು ಅದನ್ನೇ ತೆರೆದು, ಏಣಿಯ ಮೇಲೆ ಒಂದು ಕಾಲು ಎಳೆದುಕೊಂಡು ಹತ್ತುವ ಗಂಡನ ಏದುಸಿರನ್ನು ಕೊನೆಯವರೆಗೂ ಕೇಳಿದರು.