ಒಂದನೇ ನಾಣ್ಯ, ಎರಡನೇ ನಾಣ್ಯ

ಪುಣೆಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತ ನನಗೆ ಕೂದಲು ಹಣ್ಣಾಯಿತು. ಪ್ರಶ್ನೆಪತ್ರಿಕೆ ತೆಗೆಯುವುದರಲ್ಲಿ ನನ್ನಷ್ಟು ಚೊಕ್ಕ ಮನುಷ್ಯ ಇಲ್ಲ ಎಂಬ ಜಂಬವೂ ಇತ್ತು. ಅದು ಇಳಿದದ್ದು ಎಂ.ಎಸ್ಸಿ. ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಯ ಒಂದೇ ಪ್ರಶ್ನೆಯಿಂದ.

ಪ್ರಶ್ನೆ ಇಷ್ಟೇ. ಎರಡು ನಾಣ್ಯ, ಎರಡರಲ್ಲೂ ಹೆಡ್ಡು ಟೇಲು ಸಮಸಮ ಬೀಳುವುದಿಲ್ಲ. ಪ್ರತಿ ಸಲ ಕಣ್ಣು ಮುಚ್ಚಿ ಒಂದನ್ನು ಎತ್ತಿಕೊಂಡು ಹತ್ತು ಬಾರಿ ಚಿಮ್ಮಿದ್ದಾರೆ. ಇಂಥ ಐದು ಕಂತುಗಳಲ್ಲಿ ಎಷ್ಟೆಷ್ಟು ಹೆಡ್ ಬಿದ್ದವು ಎಂಬುದು ಗೊತ್ತು, ಯಾವ ಕಂತು ಯಾವ ನಾಣ್ಯದ್ದು ಎಂಬುದು ಗೊತ್ತಿಲ್ಲ. ಒಂದೊಂದು ನಾಣ್ಯಕ್ಕೆ ಹೆಡ್ ಬೀಳುವ ಸಂಭವ ಎಷ್ಟೆಂದು ಇ.ಎಂ. ಎಂಬ, ಊಹೆಯಿಂದ ಶುರು ಮಾಡಿ ಸುತ್ತು ಸುತ್ತಿಗೂ ಅದನ್ನು ತಿದ್ದಿಕೊಳ್ಳುವ ವಿಧಾನದಿಂದ ಕಂಡುಹಿಡಿಯಬೇಕು.

ತರಗತಿಯಲ್ಲಿ ಇದನ್ನು ನಾನು ಖುಷಿಯಿಂದಲೇ ಹೇಳುತ್ತಿದ್ದೆ. ಮೊದಲು ಒಂದು ಊಹೆ ಹಿಡಿಯಿರಿ: ಒಂದನೆಯದಕ್ಕೆ 0.6, ಎರಡನೆಯದಕ್ಕೆ 0.4. ಆರು ಹೆಡ್, ನಾಲ್ಕು ಟೇಲ್ ಬಿದ್ದ ಕಂತು ಯಾರದು? ಈ ಊಹೆಯ ಪ್ರಕಾರ ಹದಿಮೂರರಲ್ಲಿ ಒಂಬತ್ತು ಪಾಲು ಒಂದನೆಯದರದು, ನಾಲ್ಕು ಪಾಲು ಎರಡನೆಯದರದು. ಹಾಗಂತ ಕಂತನ್ನು ಇಡಿಯಾಗಿ ಒಂದರ ಕೊರಳಿಗೆ ಕಟ್ಟಬೇಡಿ, ಅದೇ ಪಾಲಿನಲ್ಲಿ ಹೆಡ್ಡನ್ನೂ ಟೇಲನ್ನೂ ಹಂಚಿ. ಎಲ್ಲ ಕಂತುಗಳನ್ನೂ ಹೀಗೆ ಹಂಚಿದ ಮೇಲೆ ಪ್ರತಿ ನಾಣ್ಯದ ಹೆಡ್ಡುಗಳನ್ನು ಅದರ ಒಟ್ಟು ಚಿಮ್ಮುಗಳಿಂದ ಭಾಗಿಸಿದರೆ ಹೊಸ ಊಹೆ. ಮತ್ತೆ ಹಂಚಿ, ಮತ್ತೆ ಭಾಗಿಸಿ, ಅಂಕಿ ಕದಲದೆ ನಿಲ್ಲುವವರೆಗೆ.

ಪ್ರಶ್ನೆಯಲ್ಲಿ ಮೊದಲ ಊಹೆ ಯಾವುದೆಂದು ಬರೆಯಲು ನಾನು ಮರೆತಿದ್ದೆ. ಹುಡುಗರೆಲ್ಲ ನನ್ನ ನೋಟ್ಸನ್ನು ಉರು ಹೊಡೆದವರು, 0.6 ಮತ್ತು 0.4 ಎಂದೇ ಶುರು ಮಾಡಿದರು. ಒಬ್ಬಳು ಮಾತ್ರ ತಿರುಗಿಸಿ, 0.4 ಮತ್ತು 0.6 ಎಂದು ಹಿಡಿದಿದ್ದಳು. ಬೆಳಗಾವಿ ಕಡೆಯ ಮನೆತನದ, ಪುಣೆಯಲ್ಲೇ ಬೆಳೆದ, ಮಾತು ಕಡಿಮೆಯ ಹುಡುಗಿ. ನನ್ನ ಉತ್ತರದ ಹಾಳೆಯಲ್ಲಿ ಒಂದನೆಯದು ಸುಮಾರು 0.8, ಎರಡನೆಯದು 0.4. ಅವಳದು ಸರಿಯಾಗಿ ತಲೆಕೆಳಗು. ಮೂವತ್ತು ಉತ್ತರಪತ್ರಿಕೆ ತಿದ್ದಿ ಬೇಸತ್ತಿದ್ದ ನಾನು ನಡುವಿನ ಲೆಕ್ಕ ಓದದೆ ಕೆಂಪು ಗೆರೆ ಎಳೆದೆ. ಅವಳು ಎರಡು ಅಂಕದಿಂದ ನಪಾಸಾದಳು.

ಪುಣೆ ಹತ್ತಿರದ ರಾಂಜಣಗಾಂವದ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ಅವಳಿಗೆ ಕೆಲಸ ನಿಕ್ಕಿಯಾಗಿತ್ತು. ಅಂಕಪಟ್ಟಿ ತೋರಿಸಿದರೆ ಸೇರಿಸಿಕೊಳ್ಳುತ್ತಿದ್ದರು. ಈ ಪರೀಕ್ಷೆಗೆ ಮರುಮೌಲ್ಯಮಾಪನ ಇರಲಿಲ್ಲ. ಪರೀಕ್ಷಕನಾದ ನಾನೇ ತಪ್ಪಾಗಿದೆ ಎಂದು ಪತ್ರ ಬರೆದರೆ ಮಾತ್ರ ದಾರಿ ಇತ್ತು.

ಸ್ಟಾಫ್ ರೂಮಿಗೆ ಬಂದು ನಿಂತಳು. ಕೈಯಲ್ಲಿ ಅದೇ ಲೆಕ್ಕ ಮತ್ತೆ ಮಾಡಿದ ಹಾಳೆ.

“ಸರ್, ಯಾವುದು ಒಂದನೇದು ಅಂತ ಪ್ರಶ್ನೆದಾಗ ಎಲ್ಲೂ ಇಲ್ರಿ. ಹೆಸರು ಅದಲ್ ಬದಲ್ ಮಾಡಿದ್ರ ನಂದೂ ನಿಮ್ದೂ ಒಂದ ಉತ್ತರ ಅದ.”

ಅವಳು ಮಾತು ಮುಗಿಸುವ ಮೊದಲೇ ನನಗೆ ಅರ್ಥವಾಗಿತ್ತು. ಐದು ಕಂತುಗಳ ಮೇಲೆ ಯಾರ ಹೆಸರೂ ಇಲ್ಲ. ಅಂಕಿಗಳನ್ನು ಕಂಪ್ಯೂಟರಿನಲ್ಲಿ ಹುಟ್ಟಿಸಿದವನು ನಾನು, ಒಂದನೆಯದು ಯಾವುದೆಂದು ಗೊತ್ತಿದ್ದದ್ದು ನನಗೊಬ್ಬನಿಗೇ. ಎರಡು ಉತ್ತರಗಳೂ ಆ ಅಂಕಿಗಳಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುತ್ತವೆ. ಆದರೆ ಆ ತಿಂಗಳು ವಿಭಾಗದ ಮುಖ್ಯಸ್ಥನ ಕುರ್ಚಿಗೆ ನನ್ನ ಹೆಸರು ಓಡಾಡುತ್ತಿತ್ತು. ಪಕ್ಕದ ಮೇಜಿನವರು ಕಿವಿಗೊಟ್ಟು ಕೂತಿದ್ದರು.

“ಕ್ಲಾಸಿನ್ಯಾಗ ಹೇಳಿದಂಗ ಮಾಡಬೇಕಿತ್ತವ್ವಾ,” ಎಂದೆ.

ಅವಳು ಹಾಳೆ ಮಡಚಿಕೊಂಡು ಹೋದಳು. ನಾನು ಹೇಡಿ ಎಂದು ನನಗೆ ಗೊತ್ತಾದದ್ದು ಆ ಮಧ್ಯಾಹ್ನ, ಕುರ್ಚಿ ಸಿಕ್ಕಿದ್ದು ಅದಾದ ಎರಡು ವಾರಕ್ಕೆ.

ಮರುವರ್ಷ ಅವಳು ಮತ್ತೆ ಪರೀಕ್ಷೆಗೆ ಕೂತಳು. ಈ ಸಲ ಮೊದಲ ಊಹೆಯನ್ನು ಪ್ರಶ್ನೆಯಲ್ಲೇ ಅಚ್ಚು ಹಾಕಿಸಿದ್ದೆ, ಅವಳಿಗೆ ಪೂರ್ತಿ ಅಂಕ ಬಂತು. ಕಾರ್ಖಾನೆಯ ಆ ಜಾಗಕ್ಕೆ ಆಗಲೇ ಬೇರೆಯವರು ಬಂದಿದ್ದರು. ಅಂಕಪಟ್ಟಿ ಒಯ್ಯಲು ಬಂದವಳು ನನ್ನ ಕೋಣೆಯ ಬಾಗಿಲಲ್ಲಿ ನಿಂತು, ಹೋದ ವರ್ಷ ತನ್ನದು ತಪ್ಪಿತ್ತೇ ಎಂದು ಕೇಳಿದಳು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಇಲ್ಲ, ತಪ್ಪು ನನ್ನದು ಎಂದೆ. ಹೇಳಿ ಹಗುರಾದೆ ಅಂದುಕೊಂಡೆ.

“ಹಂಗಾರ ಅಷ್ಟ ಒಂದು ಕಾಗದದಾಗ ಬರದು ಕೊಡ್ರಿ ಸರ್. ನಾ ಓದಲಾರದ ಫೇಲಾದೆ ಅಂತ ನಮ್ಮಪ್ಪ ವರ್ಷ ಆತು ನನ್ನ ಕೂಡ ಮಾತಾಡಿಲ್ರಿ. ಅವರಿಗೆ ತೋರಸ್ತೀನಿ.”

ಮೇಜಿನ ಮೇಲೆ ಪೆನ್ನೂ ಇತ್ತು, ಕಾಗದವೂ ಇತ್ತು. ನಾಳೆ ಬಾ, ಟೈಪ್ ಮಾಡಿಸಿ ಇಟ್ಟಿರುತ್ತೇನೆ ಎಂದೆ.

ಮರುದಿನ ಬಂದು ಸಂಜೆಯವರೆಗೆ ಕಾದಳಂತೆ, ಜವಾನ ಆಮೇಲೆ ಹೇಳಿದ. ನಾನು ರಜೆ ಹಾಕಿ ಮನೆಯಲ್ಲಿದ್ದೆ.