ಬುದ್ಧಿಮಾತಿಲ್ಲದ ಒಂದು ಹಾರೈಕೆ

ಡ್ರೈವಿಂಗ್ ಸ್ಕೂಲಿನಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಬ್ರೇಕಕ್ಕ ಅಂತ. ಕಲಿಸುವ ಕಾರಿನಲ್ಲಿ ಅವಳ ಕಾಲಡಿಯಲ್ಲೂ ಒಂದು ಬ್ರೇಕು ಇತ್ತು; ಹದಿನೆಂಟು ವರ್ಷದಲ್ಲಿ ಅದೆಷ್ಟು ಗೋಡೆ, ಎಷ್ಟು ಸೈಕಲ್ಲು, ಎಷ್ಟು ನಾಯಿ ಆ ಬ್ರೇಕಿನಿಂದ ಉಳಿದುಕೊಂಡಿದ್ದವೋ ಅವಳಿಗೇ ಗೊತ್ತಿರಲಿಲ್ಲ. ಮೊದಲು ಅದೇ ಸ್ಕೂಲಿನ ಕೌಂಟರಿನಲ್ಲಿ ಅರ್ಜಿ ತುಂಬಿಸಿಕೊಳ್ಳುತ್ತಿದ್ದವಳು. ಒಂದು ದಿನ ಮೇಷ್ಟ್ರು ಜ್ವರ ಅಂತ ಬರಲಿಲ್ಲ, ಇವಳು ಹೋಗಿ ಕಾರಿನಲ್ಲಿ ಕುಳಿತಳು. ಮತ್ತೆ ಕೌಂಟರಿಗೆ ಮರಳಲೇ ಇಲ್ಲ.

ಬೆಳಗಿನಿಂದ ಸಂಜೆವರೆಗೆ ಅವಳ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಜಾತಿಯ ಮಾತು: ‘ಕ್ಲಚ್ ಒತ್ತು, ಕನ್ನಡಿ ನೋಡು, ನಿಧಾನ, ಬೇಡ ಬೇಡ, ಬಿಡು.’ ಮನೆಗೆ ಬಂದರೂ ಅದು ನಿಲ್ಲುತ್ತಿರಲಿಲ್ಲ. ತರಕಾರಿಯವನಿಗೂ ಗಾಡಿ ಎಲ್ಲಿ ನಿಲ್ಲಿಸಬೇಕು ಅಂತ ಹೇಳಿ ಬರುವವಳು.

ಇಂಥವಳಿಗೆ ಒಂದು ದಿನ ಫೋನು ಬಂತು. ಮಾಡಿದವಳು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಗೆಳತಿ. ಆರು ವರ್ಷದ ಹಿಂದೆ ಕಾರು ಕಲಿಯಲು ಬಂದು, ಪರೀಕ್ಷೆಯಲ್ಲಿ ಮೂರು ಸಲ ಫೇಲಾಗಿ, ನಾಲ್ಕನೆಯದರಲ್ಲಿ ಪಾಸಾಗುವಷ್ಟರಲ್ಲಿ ತಂಗಿಯಂತೆ ಆಗಿಬಿಟ್ಟಿದ್ದಳು. ಈಗ ಎಂಟು ತಿಂಗಳ ಬಸುರಿ.

“ಅಕ್ಕ, ಭಾನುವಾರ ಮಧ್ಯಾಹ್ನ ನಮ್ಮನೇಲಿ ಎಲ್ಲರೂ ಸೇರ್ತಿದ್ದಾರೆ, ಮಗು ಬರೋ ಮುಂಚೆ ಹರಸೋಕೆ. ನೀನೂ ಎರಡು ಮಾತು ಹೇಳಬೇಕು.”

“ಹೇಳ್ತೀನಿ ಬಿಡೆ, ಅದೇನು ದೊಡ್ಡದು.”

“ದೊಡ್ಡದೇ. ಎಡಗಡೆ ಮಲಗು, ಮೆಟ್ಟಿಲು ಹತ್ತಬೇಡ, ಇದು ತಿನ್ನು, ಅದು ಮುಟ್ಟಬೇಡ... ಕೇಳೀ ಕೇಳೀ ನನ್ನ ಕಿವಿ ತೂತು ಬಿದ್ದಿದೆ. ನೀನಾದ್ರೂ ಬುದ್ಧಿ ಹೇಳದೆ ಬರೀ ಹರಸ್ತೀಯಾ?”

ಬ್ರೇಕಕ್ಕ ಹೂಂ ಅಂದಳು.

ಅಂದು ಸಂಜೆ ಊಟದ ಮೇಜಿನ ಮೇಲೆ ಕಾಗದ ಹರಡಿ ಕುಳಿತಳು. ಎದುರಿಗೆ ಬಟಾಣಿ ಸುಲಿಯುತ್ತಿದ್ದ ಚಿಕ್ಕಮ್ಮ, ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿ ನಿವೃತ್ತಳಾದವಳು. ಬರೆದದ್ದು ಕಣ್ಣಿಗೆ ಬಿದ್ದರೆ ಕೆಂಪು ಪೆನ್ನಿಗೆ ಕೈ ಹೋಗಲೇಬೇಕು.

“ಕೊಡಿಲ್ಲಿ, ನೋಡೋಣ,” ಅಂದಳು. ಓದಿದಳು. “‘ಹೊತ್ತು ಹೊತ್ತಿಗೆ ಊಟ ಮಾಡು.’ ಇದು ಹಾರೈಕೆಯಲ್ಲ ಕಣೆ, ಆರ್ಡರು.” ಗೀಟು ಬಿತ್ತು.

“ಸರಿ, ‘ಚಿಂತೆ ಬಿಟ್ಟು ಖುಷಿಯಾಗಿರು’ ಅಂದ್ರೆ?”

“ಅದೂ ಆರ್ಡರೇ. ಚಿಂತೆ ಬಂದ ದಿನ ಪಾಪ, ತಾನು ತಪ್ಪು ಮಾಡ್ದೆ ಅಂದ್ಕೋತಾಳೆ.”

“‘ಧೈರ್ಯವಾಗಿರು’?”

“ಭಯ ಆದ್ರೆ ಎಲ್ಲಿಗೆ ಹೋಗಬೇಕು ಅವಳು?” ಚಿಕ್ಕಮ್ಮ ಅದನ್ನೂ ಹೊಡೆದು ಹಾಕಿದಳು.

ಬ್ರೇಕಕ್ಕ ಜಾಣತನ ಮಾಡಿದಳು. ಮಾತಿನ ಬಾಲವನ್ನೆಲ್ಲ ಬದಲಿಸಿ ‘ಲಿ’ ಹಚ್ಚಿದಳು: ‘ಆಗಲಿ, ಇರಲಿ, ಬರಲಿ.’ ‘ನೀನು ಬೇಗ ಮಲಗುವಂತಾಗಲಿ, ಫೋನು ನೋಡುವುದು ಕಡಿಮೆಯಾಗಲಿ.’

ಚಿಕ್ಕಮ್ಮ ಬಟಾಣಿ ಚೆಲ್ಲುವಷ್ಟು ನಕ್ಕಳು. “ಬುದ್ಧಿಮಾತಿಗೆ ಸೀರೆ ಉಡಿಸಿದೀಯಲ್ಲೇ!”

ಮುಂದಿನ ಸಾಲು ಓದುವಾಗ ನಗು ನಿಂತಿತು. ‘ಈ ಸಲ ಎಲ್ಲ ಸರಿಹೋಗಲಿ.’

“ಈ ಸಲ ಅಂದ್ರೆ?”

ಎರಡು ವರ್ಷದ ಹಿಂದೆ ಗೆಳತಿಗೆ ನಾಲ್ಕನೇ ತಿಂಗಳಲ್ಲಿ ಒಂದು ಮಗು ಹೋಗಿತ್ತು. ಕೂಟಕ್ಕೆ ಬರುವ ಅರ್ಧ ಜನಕ್ಕೆ ಅದು ಗೊತ್ತೂ ಇಲ್ಲ. ಬ್ರೇಕಕ್ಕನೇ ಪೆನ್ನು ತೆಗೆದುಕೊಂಡು ‘ಈ ಸಲ’ ಎಂಬ ಎರಡು ಪದ ಹೊಡೆದಳು. ಉಳಿದದ್ದನ್ನೂ ಹೊಡೆದಳು.

“ಎಲ್ಲಾ ಹೋಯ್ತಲ್ಲ ಚಿಕ್ಕಮ್ಮ. ಇನ್ನು ಹೇಳೋದೇನು?”

“ಅವಳಲ್ಲಿ ನೀನು ಕಂಡಿದ್ದು ಏನಾದ್ರೂ ಇದೆಯಲ್ಲ, ಅದನ್ನ ಹೇಳು. ಬರೀ ಮಗೂನಲ್ಲ, ಅವಳನ್ನೂ ಹರಸು. ಗಂಡೋ ಹೆಣ್ಣೋ, ಯಾರ ಬಣ್ಣ, ಯಾರ ಮೂಗು, ಅದರ ತಂಟೆ ಬೇಡ. ಮುಖ್ಯವಾಗಿ, ನಿನ್ನ ಮಾತು ಕೇಳಿ ಅವಳು ಮಾಡಬೇಕಾದ ಕೆಲಸ ಒಂದೂ ಹುಟ್ಟಬಾರದು. ಮಾಡೋದಿದ್ರೆ ನೀನು ಮಾಡು.”

ಭಾನುವಾರ ಗೆಳತಿಯ ಹಾಲಿನಲ್ಲಿ ಹದಿನೈದು ಜನ. ಎಲ್ಲೆಲ್ಲಿಂದಲೋ ತಂದ ಕುರ್ಚಿಗಳು, ಟೀ, ಕೇಕು. ಗೆಳತಿ ತಗ್ಗಾದ ಸೋಫಾದಲ್ಲಿ ಹೂತು ಕುಳಿತಿದ್ದಳು. ಅಂಗಡಿಯ ಯಜಮಾನಿ ಮೊದಲು ಎದ್ದು ಹೆರಿಗೆಯ ನಂತರ ಮಾಡಬೇಕಾದದ್ದನ್ನು ಬೆರಳು ಮಡಚಿ ಎಣಿಸಿದಳು. ಎರಡು ಕೈಯ ಬೆರಳೂ ಸಾಲಲಿಲ್ಲ. ಪಕ್ಕದ ಮನೆಯಾಕೆ ತನ್ನ ಹೆರಿಗೆಯ ಕಥೆ ತೆಗೆದು, ನಡುವೆ ಎಲ್ಲರ ಮುಖ ನೋಡಿ ಅರ್ಧಕ್ಕೇ ನುಂಗಿಕೊಂಡಳು. ಗೆಳತಿ ನಗುತ್ತಲೇ ಇದ್ದಳು, ಆದರೆ ಆ ನಗು ಫೋಟೋಗೆ ನಿಂತವರದ್ದಾಗಿತ್ತು.

ಬ್ರೇಕಕ್ಕನ ಸರದಿ ಬಂತು. ಅವಳು ಎದ್ದು ನಿಂತಾಗಲೇ, ಸೋಫಾದಲ್ಲಿದ್ದ ಗೆಳತಿ ಸೊಂಟ ಹಿಡಿದುಕೊಂಡು ಸ್ವಲ್ಪ ಮುಖ ಕಿವುಚಿದಳು. ‘ಬೆನ್ನಿಗೆ ದಿಂಬು ಇಟ್ಕೊ’ ಎಂಬ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಬ್ರೇಕಕ್ಕ ಹಲ್ಲು ಕಚ್ಚಿದಳು. ಏನೂ ಹೇಳದೆ ಒಳಗಿನ ಕೋಣೆಗೆ ಹೋಗಿ ದಿಂಬು ತಂದು, ಗೆಳತಿಯ ಬೆನ್ನ ಹಿಂದೆ ಇಟ್ಟು, ಅಲ್ಲೇ ಅವಳ ಪಕ್ಕ ಕುಳಿತಳು. ಬರೆದು ತಂದಿದ್ದ ಚೀಟಿ ಬ್ಯಾಗಿನಲ್ಲೇ ಉಳಿಯಿತು.

“ನಿಮ್ಮಂಗಡೀಲಿ ಮೊದಲನೇ ಸಲ ಕನ್ನಡಕ ಹಾಕ್ಕೊಳ್ಳೋ ಮಕ್ಕಳನ್ನ ನೀನು ಬಾಗಿಲ ಹೊರಗೆ ಕರ್ಕೊಂಡು ಹೋಗ್ತೀಯ,” ಅಂದಳು. “ಎದುರಿನ ಮರ ತೋರಿಸ್ತೀಯ. ‘ಎಲೆ ಬೇರೆ ಬೇರೆ ಕಾಣ್ತಿದೆ!’ ಅಂತ ಅವು ಕೂಗೋವರೆಗೂ ಪಕ್ಕದಲ್ಲೇ ನಿಂತಿರ್ತೀಯ. ಒಳಗೆ ಎಷ್ಟು ಜನ ಕಾಯ್ತಿದ್ರೂ ಸರಿ. ನಾನು ಎಷ್ಟೋ ಸಲ ನೋಡಿದೀನಿ. ಅಷ್ಟು ತಾಳ್ಮೆಯಿಂದ ನಿಲ್ಲೋಳ ಮಡಿಲಿಗೆ ಒಂದು ಮಗು ಬರ್ತಿದೆ ಅಂದ್ರೆ ನಂಗೆ ಆ ಮಗು ಮೇಲೆ ಸ್ವಲ್ಪ ಹೊಟ್ಟೆಕಿಚ್ಚು.”

ಕುರ್ಚಿಗಳಲ್ಲಿ ನಗು ಹರಡಿತು.

“ಅದು ಕಣ್ಣು ಬಿಟ್ಟಾಗ ಮೊದಲು ಕಾಣೋದು ನಿನ್ನ ಮುಖವೇ ಆಗಲಿ. ನಿನಗೆ ನಗು ಬಂದಾಗ ಜೊತೆಗೆ ನಗೋರು ಇರಲಿ. ಅಳು ಬಂದಾಗ ಯಾಕೆ ಅಂತ ಕೇಳದೆ ಪಕ್ಕದಲ್ಲಿ ಕೂತ್ಕೊಳ್ಳೋರು ಇರಲಿ. ಅವರಲ್ಲಿ ನಾನೂ ಒಬ್ಬಳಾಗಿರಲಿ. ನೀನು ಅಮ್ಮ ಆದ ಮೇಲೂ ನಮ್ಮ ಪಾಲಿನ ಗೆಳತಿ ನಮಗೆ ಸಿಗ್ತಾನೇ ಇರಲಿ. ನಿನಗೂ ನಿನ್ನ ಮಗೂಗೂ ಒಳ್ಳೇದಾಗಲಿ. ಅಷ್ಟೇ ಕಣೆ.”

ಗೆಳತಿ ಬ್ರೇಕಕ್ಕನ ಭುಜಕ್ಕೆ ತಲೆ ಒರಗಿಸಿ, ಅವಳ ದುಪಟ್ಟಾದಲ್ಲೇ ಕಣ್ಣು ಒರೆಸಿಕೊಂಡಳು. ಮುಂದಿನ ಸರದಿ ಅವಳ ಅತ್ತೆಯದು. ಆಕೆ ಎದ್ದು “ನೋಡಮ್ಮ, ನೀನು ಇನ್ಮೇಲೆ...” ಅಂತ ಶುರುಮಾಡಿ, ತಡೆದು, ಕನ್ನಡಕ ಸರಿಮಾಡಿಕೊಂಡಳು. “ನೀನು ಈ ಮನೆಗೆ ಬಂದ ಮೇಲೆ ನಂಗೆ ಮಾತಾಡೋಕೆ ಜನ ಸಿಕ್ಕಿದ್ದು ಕಣಮ್ಮ. ಚೆನ್ನಾಗಿರಲಿ ನಿನ್ನ ಜೀವ,” ಅಂದು ಕುಳಿತುಬಿಟ್ಟಳು. ಇಷ್ಟು ವರ್ಷದಲ್ಲಿ ಅತ್ತೆಯ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಸೊಸೆ ಈಗ ನಿಜವಾಗಿಯೇ ಅತ್ತಳು, ಕೇಕು ಕತ್ತರಿಸುವುದು ಹತ್ತು ನಿಮಿಷ ತಡವಾಯಿತು.

ಎಲ್ಲರೂ ಹೋದ ಮೇಲೆ ಬ್ರೇಕಕ್ಕ ಕಪ್ಪುಗಳನ್ನು ಒಟ್ಟುಮಾಡುತ್ತಿದ್ದಳು.

“ಅಕ್ಕ, ಅದನ್ನ ಇನ್ನೊಂದ್ಸಲ ಹೇಳು,” ಅಂದಳು ಗೆಳತಿ. “ನೀನು ಹೇಳುವಾಗ ಒಳಗೆ ಒದೆತ ಜೋರಾಗಿತ್ತು, ಅರ್ಧ ಕೇಳಿಸ್ಲೇ ಇಲ್ಲ.”

“ನಂಗೆಲ್ಲಿ ನೆನಪಿದೆ! ಬಾಯಿಗೆ ಬಂದಿದ್ದು ಹೇಳ್ದೆ.”

“ಈಗ ಬಂದಿದ್ದನ್ನೇ ಹೇಳು.”

ಬ್ರೇಕಕ್ಕ ಕಪ್ಪುಗಳನ್ನು ಕೆಳಗಿಟ್ಟು ಪಕ್ಕದಲ್ಲಿ ಕುಳಿತಳು. ಎರಡನೇ ಸಲದ್ದು ಮೊದಲಿನದಕ್ಕಿಂತ ಉದ್ದವಾಯಿತು, ಅಷ್ಟು ಚೆನ್ನಾಗಿಯೂ ಇರಲಿಲ್ಲ. ಗೆಳತಿ ಕಣ್ಣು ಮುಚ್ಚಿ ಪೂರ್ತಿ ಕೇಳಿಸಿಕೊಂಡಳು. ನಾಲ್ಕು ವಾರ ಕಳೆದು ಒಂದು ಮಂಗಳವಾರ ಬೆಳಿಗ್ಗೆ ಹೆಣ್ಣು ಮಗು ಹುಟ್ಟಿತು.